ಏಳು ಸದಸ್ಯರು ಮೊದಲು, ವಿಶೇಷ ನಿರ್ಣಯ ಆಮೇಲೆ

ಪ್ರಶ್ನೆ: "ನಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ. ನಾಲ್ಕು ಜನ ಷೇರುದಾರರು, ಇಬ್ಬರು ಡೈರೆಕ್ಟರ್‌ಗಳು. ಎರಡು ಮೂರು ವರ್ಷದಲ್ಲಿ ಎಸ್‌ಎಂಇ ಐಪಿಒಗೆ ಹೋಗುವ ಯೋಚನೆ ಇದೆ. ಈಗಲೇ ಪಬ್ಲಿಕ್ ಲಿಮಿಟೆಡ್ ಮಾಡಿಕೊಂಡು, ಬೇಕಾದ ಷೇರುದಾರರನ್ನೂ ಡೈರೆಕ್ಟರನ್ನೂ ಆಮೇಲೆ ನಿಧಾನವಾಗಿ ಸೇರಿಸಿಕೊಳ್ಳಬಹುದಾ?"

ದಯವಿಟ್ಟು ಹಾಗೆ ಮಾಡಬೇಡಿ. ಪಬ್ಲಿಕ್ ಕಂಪನಿಗೆ ಕನಿಷ್ಠ ಏಳು ಸದಸ್ಯರು, ಅಂದರೆ ಷೇರುದಾರರು, ಮತ್ತು ಮೂವರು ನಿರ್ದೇಶಕರು ಬೇಕು; ಅವರು ಮೊದಲೇ ಇರಬೇಕು. ಪೀಣ್ಯದ ಒಂದು ಕುಟುಂಬದ ಕಂಪನಿ ಇದೇ ಕ್ರಮದಲ್ಲಿ ಹೊರಟು ಅರ್ಧದಾರಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅವರ ಕಡತ ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಾಗಾಗಿ ಗಂಟು ಎಲ್ಲಿ ಬೀಳುತ್ತದೆ ಎನ್ನುವುದನ್ನು ಬಿಡಿಸಿಯೇ ಹೇಳುತ್ತೇನೆ.

ಆ ಕಂಪನಿಯಲ್ಲಿದ್ದದ್ದು 10 ರೂಪಾಯಿ ಮುಖಬೆಲೆಯ 1,00,000 ಷೇರು. ಅಣ್ಣನದು 45,000, ತಮ್ಮನದು 45,000, ಅಪ್ಪ ಅಮ್ಮನ ಹೆಸರಲ್ಲಿ ಜಂಟಿಯಾಗಿ 10,000. ನಾವು ನಾಲ್ಕು ಜನ ಅಂತ ಅವರು ಲೆಕ್ಕ ಹಾಕಿದ್ದರು. ಆದರೆ ಜಂಟಿ ಹೆಸರಿನ ಷೇರಿಗೆ ಸದಸ್ಯರು ಒಬ್ಬರೇ ಎಂದು ಲೆಕ್ಕ, ಹಾಗಾಗಿ ಅವರು ಮೂವರೇ. ನಿಮ್ಮ ನಾಲ್ವರಲ್ಲೂ ಹೀಗೇನಾದರೂ ಇದೆಯಾ ಎಂದು ಸದಸ್ಯರ ರಿಜಿಸ್ಟರ್ ತೆಗೆದು ಮೊದಲು ನೋಡಿ.

ಅವರು ಸಾಮಾನ್ಯ ಸಭೆ ಕರೆದು ವಿಶೇಷ ನಿರ್ಣಯ ಮಾಡಿದರು. ಪ್ರೈವೇಟ್ ಕಂಪನಿಯ ಮೂರು ಲಕ್ಷಣಗಳನ್ನು ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್‌ನಿಂದ ತೆಗೆದರು: ಷೇರು ವರ್ಗಾವಣೆಗೆ ನಿರ್ಬಂಧ, 200 ಸದಸ್ಯರ ಮಿತಿ, ಸಾರ್ವಜನಿಕರಿಂದ ಹಣ ಕೇಳಬಾರದೆಂಬ ನಿಷೇಧ. ಸರ್ಟಿಫಿಕೇಟ್ ಬರುವವರೆಗೆ ನಾವಿನ್ನೂ ಪ್ರೈವೇಟ್, ಅಷ್ಟರಲ್ಲಿ ಉಳಿದವರನ್ನು ಸೇರಿಸಿದರಾಯಿತು ಅಂದುಕೊಂಡರು. ಎಡವಿದ್ದೇ ಇಲ್ಲಿ. 2013ರ ಕಂಪನಿ ಕಾಯ್ದೆಯ 14ನೇ ಸೆಕ್ಷನ್ ಹೇಳುವುದು ಬೇರೆ. ಆ ನಿರ್ಬಂಧಗಳು ಇಲ್ಲದಂತೆ ಆರ್ಟಿಕಲ್ಸ್ ಬದಲಾದರೆ, ಬದಲಾದ ದಿನದಿಂದಲೇ ಕಂಪನಿ ಪ್ರೈವೇಟ್ ಆಗಿ ಉಳಿಯುವುದಿಲ್ಲ. ಸರ್ಟಿಫಿಕೇಟ್ ಬರುವುದು ಆಮೇಲೆ, ಕಟ್ಟುಪಾಡು ಶುರುವಾಗುವುದು ಮೊದಲು.

ಇದರಿಂದ ಒಂದರ ಹಿಂದೆ ಒಂದು ತೊಡಕು ಬಂತು. ಪರಿವರ್ತನೆಯ ಅರ್ಜಿ INC-27 ಜೊತೆ ಲಗತ್ತಿಸಿದ್ದ ಸದಸ್ಯರ ಪಟ್ಟಿಯಲ್ಲಿ ಏಳು ಹೆಸರಿಲ್ಲದ್ದರಿಂದ ಫಾರ್ಮ್ ಮರುಸಲ್ಲಿಕೆಗೆ ವಾಪಸ್ ಬಂತು. ಮರುಸಲ್ಲಿಕೆಗೆ ಸಿಕ್ಕುವುದು 15 ದಿನ. ಸರಿ, ಷೇರು ವರ್ಗಾವಣೆಯ ಫಾರ್ಮ್ SH-4 ಬರೆದು ಹೆಂಡತಿಯರ ಹೆಸರಿಗೆ ಒಂದಷ್ಟು ಷೇರು ವರ್ಗಾಯಿಸೋಣ ಎಂದು ಹೊರಟರೆ ಅದೂ ಆಗಲಿಲ್ಲ. 2018ರ ಅಕ್ಟೋಬರ್ 2ರಿಂದ, ಲಿಸ್ಟ್ ಆಗದ ಪಬ್ಲಿಕ್ ಕಂಪನಿಯ ಷೇರನ್ನು ವರ್ಗಾಯಿಸುವ ಮೊದಲು ಡಿಮ್ಯಾಟ್ ಮಾಡಿಸಲೇಬೇಕು. ಡಿಮ್ಯಾಟ್ ಆಗಬೇಕೆಂದರೆ ಕಂಪನಿ ರಿಜಿಸ್ಟ್ರಾರ್ ಅಂಡ್ ಟ್ರಾನ್ಸ್‌ಫರ್ ಏಜೆಂಟನ್ನು ನೇಮಿಸಿಕೊಂಡು, ಡಿಪಾಸಿಟರಿಯ ಜೊತೆ ಒಪ್ಪಂದ ಮಾಡಿಕೊಂಡು, ಷೇರಿನ ಗುರುತು ಸಂಖ್ಯೆಯಾದ ಐಸಿನ್ ಪಡೆಯಬೇಕು. ಆಮೇಲೆ ಪ್ರತಿಯೊಬ್ಬರೂ ಡಿಮ್ಯಾಟ್ ಖಾತೆ ತೆರೆದು ಕಾಗದದ ಷೇರು ಪ್ರಮಾಣಪತ್ರ ಒಪ್ಪಿಸಬೇಕು. 15 ದಿನದಲ್ಲಿ ಮುಗಿಯುವ ಮಾತಲ್ಲ ಇದು. INC-27 ರದ್ದಾಯಿತು. ಕೊನೆಗೆ ಡಿಮ್ಯಾಟ್ ಮುಗಿಸಿ, ಷೇರು ವರ್ಗಾಯಿಸಿ, ವಿಳಂಬ ಶುಲ್ಕ ಕಟ್ಟಿ ಹೊಸದಾಗಿ ಸಲ್ಲಿಸಬೇಕಾಯಿತು.

ಅಷ್ಟರಲ್ಲಿ ವಾರ್ಷಿಕ ಸಭೆಯ ಕಾಲ ಬಂತು. ಪ್ರೈವೇಟ್ ಕಂಪನಿಯ ಸಭೆಗೆ ಇಬ್ಬರಿದ್ದರೆ ಕೋರಂ. ಪಬ್ಲಿಕ್ ಕಂಪನಿಯಲ್ಲಿ ಸದಸ್ಯರ ಸಂಖ್ಯೆ 1,000 ದಾಟದಿದ್ದರೂ ಐದು ಜನ ಖುದ್ದಾಗಿ ಇರಬೇಕು, ಪ್ರಾಕ್ಸಿ ಲೆಕ್ಕಕ್ಕಿಲ್ಲ. ಇರುವುದೇ ಮೂವರಾದರೆ ಕೋರಂ ಎಲ್ಲಿಂದ ತರುವುದು? ಏಳು ಎನ್ನುವ ಸಂಖ್ಯೆ ಎಲ್ಲರಿಗೂ ಗೊತ್ತಿರುತ್ತದೆ, ಈ ಐದನ್ನು ಯಾರೂ ನೋಡುವುದಿಲ್ಲ.

ಇದನ್ನೇ ಪ್ರೈವೇಟ್ ಆಗಿದ್ದಾಗಲೇ ಮಾಡಿದ್ದರೆ ಕೆಲಸ ಹಗುರವಿತ್ತು. ಅಪ್ಪ ಅಮ್ಮನ ಜಂಟಿ ಷೇರನ್ನು ತಲಾ 5,000ದಂತೆ ಒಡೆದರೆ ಸದಸ್ಯರು ನಾಲ್ಕು. ಅಣ್ಣ ತಮ್ಮ ತಂತಮ್ಮ ಹೆಂಡತಿಗೆ 1,000 ಷೇರು ಕೊಟ್ಟರೆ ಆರು. ತಂಗಿಗೆ 1,000 ಕೊಟ್ಟರೆ ಏಳು. ಕಾಯ್ದೆಯ ಲೆಕ್ಕದಲ್ಲಿ ಸಣ್ಣ ಕಂಪನಿ ಎನಿಸಿಕೊಂಡ ಪ್ರೈವೇಟ್ ಕಂಪನಿಗೆ ಇದೆಲ್ಲ SH-4ನಲ್ಲೇ ಆಗುತ್ತದೆ. ಫಾರ್ಮಿಗೆ ಸಹಿ ಬಿದ್ದ 60 ದಿನದೊಳಗೆ ಅದು ಕಂಪನಿಗೆ ತಲುಪಬೇಕು, ಬೋರ್ಡ್ ಒಪ್ಪಬೇಕು, ರಿಜಿಸ್ಟರಿನಲ್ಲಿ ಹೆಸರು ಏರಬೇಕು. ಹೆಸರು ಏರಿದ ಮೇಲೆಯೇ ಅವರು ಸದಸ್ಯರು. ನಿಮ್ಮದು ಸಣ್ಣ ಕಂಪನಿ ಅಲ್ಲದಿದ್ದರೆ ಪ್ರೈವೇಟ್ ಆಗಿದ್ದರೂ ಡಿಮ್ಯಾಟ್ ನಿಯಮ ಈಗಾಗಲೇ ಅನ್ವಯಿಸುತ್ತದೆ, ಆಗ ಐಸಿನ್‌ನಿಂದಲೇ ಶುರು ಮಾಡಿ.

ಯಾರಿಗೆ ಕೊಡುತ್ತೀರಿ ಎನ್ನುವುದರಲ್ಲೂ ಎಚ್ಚರ ಬೇಕು. ಹೆಂಡತಿ, ಒಡಹುಟ್ಟಿದವರು, ತಂದೆ ತಾಯಿಗೆ ಉಡುಗೊರೆಯಾಗಿ ಕೊಟ್ಟರೆ ಪಡೆದವರಿಗೆ ಆದಾಯ ತೆರಿಗೆ ಬರುವುದಿಲ್ಲ. ಬಹಳ ವರ್ಷದ ಮ್ಯಾನೇಜರಿಗೆ ಪುಕ್ಕಟೆ ಕೊಟ್ಟು ಷೇರಿನ ನ್ಯಾಯಬೆಲೆ 50,000 ರೂಪಾಯಿ ದಾಟಿದರೆ ಅದು ಅವರ ಆದಾಯವಾಗುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಅಕ್ಕನಿಗೆ ಇಲ್ಲಿಂದ ಷೇರು ಉಡುಗೊರೆ ಕೊಡಲು ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕು, ಆ ದಾರಿ ಹಿಡಿಯಲೇಬೇಡಿ. ಇನ್ನೊಂದು ಮಾತು: ಸರಿಯಾಗಿ ಏಳಕ್ಕೆ ನಿಲ್ಲಿಸಬೇಡಿ, ಒಂಬತ್ತಾದರೂ ಇರಲಿ. ಒಬ್ಬರು ತೀರಿಕೊಂಡು ಅವರ ಷೇರು ಇನ್ನೊಬ್ಬ ಸದಸ್ಯರಿಗೇ ಹೋದರೆ ಸಂಖ್ಯೆ ಆರಕ್ಕೆ ಇಳಿಯುತ್ತದೆ. ಹಾಗೆ ಇಳಿದ ಮೇಲೂ ಆರು ತಿಂಗಳಿಗಿಂತ ಹೆಚ್ಚು ವ್ಯವಹಾರ ನಡೆಸಿದರೆ, ಆ ಅವಧಿ ದಾಟಿದ ಮೇಲೆ ಕಂಪನಿ ಮಾಡಿದ ಸಾಲಕ್ಕೆ ವಿಷಯ ಗೊತ್ತಿದ್ದ ಸದಸ್ಯರು ವೈಯಕ್ತಿಕವಾಗಿ ಹೊಣೆಯಾಗುತ್ತಾರೆ.

ಬೋರ್ಡಿಗೆ ಬೇಕಾದದ್ದು ಮೂವರು. ಮೂರನೆಯವರಿಗೆ ಷೇರು ಇರಲೇಬೇಕೆಂದಿಲ್ಲ, ಸದಸ್ಯರಲ್ಲೇ ಒಬ್ಬರಾದರೂ ಅಡ್ಡಿಯಿಲ್ಲ. ಅವರ ಒಪ್ಪಿಗೆ ಪತ್ರ DIR-2 ಪಡೆದು, ಪರಿವರ್ತನೆಯ ಸಭೆಗೆ ಮುಂಚೆಯೇ ನೇಮಿಸಿ, 30 ದಿನದೊಳಗೆ ನೇಮಕದ ಫಾರ್ಮ್ DIR-12 ಸಲ್ಲಿಸಿ. ಸ್ವತಂತ್ರ ನಿರ್ದೇಶಕರು ಪಬ್ಲಿಕ್ ಆದ ಕೂಡಲೇ ಬೇಕಾಗಿಲ್ಲ. ಪಾವತಿಯಾದ ಬಂಡವಾಳ 10 ಕೋಟಿ, ಇಲ್ಲವೇ ವಹಿವಾಟು 100 ಕೋಟಿ ಮುಟ್ಟಿದರೆ, ಅಥವಾ ಬಾಕಿ ಸಾಲ 50 ಕೋಟಿ ದಾಟಿದರೆ ಇಬ್ಬರು ಬೇಕು, ಜೊತೆಗೆ ಆಡಿಟ್ ಕಮಿಟಿಯೂ ಬೇಕು. ಐಪಿಒಗೆ ಮುಂಚೆ ಬೋನಸ್ ಷೇರು ಕೊಟ್ಟು ಬಂಡವಾಳ ಏರಿಸುವವರು ಈ 10 ಕೋಟಿಯ ಗೆರೆಯನ್ನು ಮರೆತುಬಿಡುತ್ತಾರೆ.

ಆರ್ಟಿಕಲ್ಸ್ ವಿಷಯದಲ್ಲಿ ನನ್ನ ಸಲಹೆ ಖಡಾಖಂಡಿತ: ಮೂರು ವಾಕ್ಯ ಹೊಡೆದುಹಾಕುವುದು ಬೇಡ, ಇಡೀ ಹೊಸ ಆರ್ಟಿಕಲ್ಸ್ ಬರೆಸಿ. ಪೀಣ್ಯದವರ ಹಳೆಯ ಪ್ರತಿಯಲ್ಲಿ ನಿರ್ಬಂಧದ ಕಲಂ ಹೋಗಿತ್ತು, ಆದರೆ ಅದರ ನೆಂಟರೆಲ್ಲ ಹಾಗೇ ಉಳಿದಿದ್ದರು. ಒಂದು ಕಲಂ, ಷೇರು ಮಾರುವವರು ಮೊದಲು ಉಳಿದ ಸದಸ್ಯರಿಗೇ ಕೊಡಬೇಕು ಎನ್ನುತ್ತಿತ್ತು. ಇನ್ನೊಂದು, ಇಬ್ಬರಿದ್ದರೆ ಕೋರಂ ಎನ್ನುತ್ತಿತ್ತು. ಮತ್ತೊಂದು, ಅಣ್ಣ ತಮ್ಮ ಇಬ್ಬರೂ ಶಾಶ್ವತ ನಿರ್ದೇಶಕರು ಎನ್ನುತ್ತಿತ್ತು. ಪಬ್ಲಿಕ್ ಕಂಪನಿಯಲ್ಲಿ ಷೇರು ಮುಕ್ತವಾಗಿ ವರ್ಗಾವಣೆಯಾಗಬೇಕು. ಆರ್ಟಿಕಲ್ಸ್‌ನಲ್ಲಿ ಏನೇ ಬರೆದರೂ ನಿರ್ದೇಶಕರಲ್ಲಿ ಕನಿಷ್ಠ ಮೂರನೇ ಎರಡು ಭಾಗದವರಾದರೂ ಸರದಿಯಲ್ಲಿ ನಿವೃತ್ತರಾಗುವವರೇ. ಅಣ್ಣತಮ್ಮಂದಿರ ನಡುವೆ ಮೊದಲ ಹಕ್ಕಿನ ಮಾತು ಇರಲೇಬೇಕೆಂದರೆ ಅದನ್ನು ಪ್ರತ್ಯೇಕ ಒಪ್ಪಂದವಾಗಿ ಬರೆದಿಡಿ, ಒಪ್ಪಂದವಾಗಿ ಅದು ಜಾರಿಯಾಗುತ್ತದೆ ಎಂದು 58ನೇ ಸೆಕ್ಷನ್ನೇ ಹೇಳುತ್ತದೆ.

ಸಭೆಗೆ 21 ಪೂರ್ಣ ದಿನಗಳ ನೋಟಿಸ್ ಕೊಡಿ. ಮೆಮೊರಾಂಡಮ್‌ನ ಹೆಸರಿನ ಕಲಂನಿಂದ "ಪ್ರೈವೇಟ್" ತೆಗೆಯಲು ಒಂದು ವಿಶೇಷ ನಿರ್ಣಯ, ಹೊಸ ಆರ್ಟಿಕಲ್ಸ್‌ಗೆ ಇನ್ನೊಂದು. ಬ್ಯಾಂಕ್ ಸಾಲ ನಿಮ್ಮ ಬಂಡವಾಳ, ಮುಕ್ತ ಮೀಸಲು, ಷೇರು ಪ್ರೀಮಿಯಂ ಮೂರನ್ನೂ ಕೂಡಿದ ಮೊತ್ತಕ್ಕಿಂತ ಹೆಚ್ಚಿದ್ದರೆ 180ನೇ ಸೆಕ್ಷನ್ನಿನ ನಿರ್ಣಯವನ್ನೂ ಅದೇ ಸಭೆಯಲ್ಲಿ ಮುಗಿಸಿ. ಪ್ರೈವೇಟ್ ಕಂಪನಿಗೆ ಇದರಿಂದ ವಿನಾಯಿತಿ ಇದ್ದದ್ದರಿಂದ ಯಾರಿಗೂ ನೆನಪಾಗುವುದಿಲ್ಲ, ಬ್ಯಾಂಕಿನವರು ಕೇಳಿದಾಗಲೇ ಗೊತ್ತಾಗುವುದು. ನಿರ್ಣಯಗಳನ್ನು ಸಲ್ಲಿಸುವ ಫಾರ್ಮ್ MGT-14ಕ್ಕೆ 30 ದಿನ ಇದೆ ಅಂತ ಕೂರಬೇಡಿ. INC-27ಕ್ಕೆ ಇರುವುದು 15 ದಿನ, ಅದರೊಳಗೆ MGT-14ರ ಸಲ್ಲಿಕೆಯ ಸಂಖ್ಯೆಯಾದ ಎಸ್‌ಆರ್‌ಎನ್ ನಮೂದಿಸಬೇಕು. 2024ರ ಫೆಬ್ರವರಿಯಿಂದ ಈ ಫಾರ್ಮ್‌ಗಳನ್ನು ನೋಡುವುದು ಕೇಂದ್ರೀಯ ಸಂಸ್ಕರಣಾ ಕೇಂದ್ರ, ಕೋರಮಂಗಲದ ಕಚೇರಿಗೆ ಹೋಗಿ ವಿವರಿಸುತ್ತೇನೆ ಎನ್ನುವ ಕಾಲ ಹೋಯಿತು. ಲಗತ್ತುಗಳೇ ನಿಮ್ಮ ಪರವಾಗಿ ಮಾತಾಡಬೇಕು.

ಸರ್ಟಿಫಿಕೇಟ್ ಬಂದಾಗ ಕಂಪನಿಯ ಗುರುತು ಸಂಖ್ಯೆಯಾದ ಸಿಐಎನ್ ನಡುವಿನ PTC ಅಕ್ಷರಗಳು PLC ಆಗಿರುತ್ತವೆ. 15 ದಿನದೊಳಗೆ ಜಿಎಸ್‌ಟಿ ತಿದ್ದುಪಡಿ ಹಾಕಿ, ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ಹೆಸರು ಬದಲಿಸಿ. ಎರಡು ವರ್ಷ ನಾಮಫಲಕದ ಮೇಲೂ ಲೆಟರ್‌ಹೆಡ್‌ನಲ್ಲೂ ಹಳೆಯ ಹೆಸರನ್ನೂ ಜೊತೆಗೆ ತೋರಿಸಬೇಕು. ಹಳೆಯ ಸಾಲ, ಕರಾರು ಎಲ್ಲ ಹಾಗೇ ಮುಂದುವರಿಯುತ್ತವೆ.

ಇನ್ನು "ಈಗಲೇ" ಎನ್ನುವ ನಿಮ್ಮ ಮಾತು. ಐಪಿಒ ಎರಡು ಮೂರು ವರ್ಷ ದೂರವಿದ್ದರೆ ಈಗಲೇ ಪಬ್ಲಿಕ್ ಆಗಬೇಡಿ. ಡ್ರಾಫ್ಟ್ ಪ್ರಾಸ್ಪೆಕ್ಟಸ್ ಸಲ್ಲಿಸುವಾಗ ಪಬ್ಲಿಕ್ ಆಗಿದ್ದರೆ ಸಾಕು. ಅಲ್ಲಿಯವರೆಗೆ ಪ್ರೈವೇಟ್ ಕಂಪನಿಯ ಒಂದು ಅನುಕೂಲ ನಿಮಗೆ ಬೇಕೇಬೇಕು: ನಿರ್ದೇಶಕರ ಹೆಂಡತಿಯೋ ಅಪ್ಪನೋ ಕೈಗಡವಾಗಿ ಹಾಕುವ ಹಣ. ಸಾಲ ಮಾಡಿ ತಂದ ಹಣವಲ್ಲ ಎಂದು ಅವರು ಬರೆದುಕೊಟ್ಟರೆ ಪ್ರೈವೇಟ್ ಕಂಪನಿಯಲ್ಲಿ ಅದು ಠೇವಣಿ ಅಲ್ಲ. ಪಬ್ಲಿಕ್ ಆದ ಮೇಲೆ ನಿರ್ದೇಶಕರು ಕೊಡಬಹುದು, ಅವರ ಸಂಬಂಧಿಕರು ಕೊಟ್ಟರೆ ಅದು ಠೇವಣಿಯಾಗಿ, ಅದರ ನಿಯಮಗಳೆಲ್ಲ ಮೈಮೇಲೆ ಬರುತ್ತವೆ. ಹಣ ಬಂದ ದಿನ ಸಂಬಂಧ ಏನಿತ್ತು ಎಂಬುದರ ಮೇಲೆ ಇದು ನಿಲ್ಲುತ್ತದೆ. ಹಾಗಾಗಿ ಈಗಾಗಲೇ ಬಂದಿರುವ ಪ್ರತಿ ಮೊತ್ತಕ್ಕೂ ದಿನಾಂಕ ಮತ್ತು ಘೋಷಣಾ ಪತ್ರ ಕಡತದಲ್ಲಿರಲಿ, ಸಾಧ್ಯವಾದರೆ ಪರಿವರ್ತನೆಗೆ ಮೊದಲೇ ತೀರಿಸಿಬಿಡಿ. ಈ ವರ್ಷ ರಿಜಿಸ್ಟರ್ ಸರಿಮಾಡಿ, ಐಸಿನ್ ಪಡೆದು, ಒಂಬತ್ತು ಜನರನ್ನು ಡಿಮ್ಯಾಟ್‌ನಲ್ಲಿ ಕೂರಿಸಿ. ವಿಶೇಷ ನಿರ್ಣಯಕ್ಕೆ ಮರ್ಚೆಂಟ್ ಬ್ಯಾಂಕರ್ ಗೊತ್ತಾದ ಮೇಲೆ ದಿನಾಂಕ ಹಾಕಿ.