ಅಪ್ಪನ ತೋಟದ ಲೆಕ್ಕ ವೀಸಾ ಕಿಟಕಿಯ ಮುಂದೆ

"ಅಕ್ಕಾ, ಮುಂದಿನ ತಿಂಗಳು ಚೆನ್ನೈನಲ್ಲಿ ಅಮೆರಿಕದ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ನನ್ನ ಸಂದರ್ಶನ ಇದೆ. ಅಪ್ಪನದು ಅಡಿಕೆ ತೋಟ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಲ್ಲ. ಯಾವ ದಾಖಲೆ ಇಟ್ಟುಕೊಳ್ಳಲಿ, ಏನೇನು ಕೇಳಬಹುದು?"

ತಮ್ಮಾ, ರಿಟರ್ನ್ ಇಲ್ಲ ಅಂತ ಹೆದರಬೇಡ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ. ತೋಟ ನಂಬಿದ ಎಷ್ಟೋ ಮನೆಯ ಮಕ್ಕಳು ರಿಟರ್ನ್ ಇಲ್ಲದೆಯೇ ವೀಸಾ ತಗೊಂಡು ಬಂದಿದ್ದಾರೆ, ನಾನೂ ಹಾಗೇ ಬಂದವಳು. ಆದರೆ ಎರಡನೇ ಸಲಕ್ಕೆ. ಮೊದಲ ಸಲ ಏನಾಯ್ತು ಅಂತ ಹೇಳಿದರೆ ನಿನಗೆ ಮುಖ್ಯವಾದದ್ದು ತಿಳಿಯುತ್ತೆ.

ನನ್ನ ಡಿಎಸ್-160 ಅರ್ಜಿಯನ್ನು ಒಂದು ಕನ್ಸಲ್ಟೆನ್ಸಿಯವರು ತುಂಬಿದ್ದರು. ಖರ್ಚು ಯಾರು ಕೊಡ್ತಾರೆ ಅನ್ನೋ ಕಡೆ "ಸ್ವತಃ" ಅಂತ ಹಾಕಿಬಿಟ್ಟಿದ್ದರು. ನಾನು ಓದದೇ ಒಪ್ಪಿದೆ. ಯೂನಿವರ್ಸಿಟಿ ಕೊಟ್ಟ ಪ್ರವೇಶ ಪತ್ರ ಐ-20ರಲ್ಲಿ ಮನೆಯವರ ಹಣ ಅಂತ ಇತ್ತು. ಕಿಟಕಿಯಲ್ಲಿ ಆಫೀಸರ್ ಕೇಳಿದಾಗ ಅಪ್ಪ ಕೊಡ್ತಾರೆ ಅಂದೆ. ಅವರು ಪರದೆ ನೋಡಿದರು, ನನ್ನನ್ನು ನೋಡಿದರು, ಇನ್ನೆರಡು ಪ್ರಶ್ನೆ ಕೇಳಿ 214(ಬಿ) ಪ್ರಕಾರ ವೀಸಾ ಇಲ್ಲ ಅಂತ ಅಚ್ಚಾದ ಹಾಳೆ ಕೊಟ್ಟು ಕಳಿಸಿದರು. ಕಾರಣ ಬಿಡಿಸಿ ಹೇಳೋದಿಲ್ಲ. ಕಟ್ಟಿದ ಫೀಸೂ ವಾಪಸ್ ಬರೋದಿಲ್ಲ. ಆ ರಾತ್ರಿ ಬಸ್ಸಿನಲ್ಲಿ ಅರ್ಜಿ ಬಿಡಿಸಿ ಓದಿದಾಗ ಆ ಸಾಲು ಕಣ್ಣಿಗೆ ಬಿತ್ತು.

214(ಬಿ) ಅಂದರೆ ವಿದ್ಯಾರ್ಥಿ ವೀಸಾ ಕೇಳುವವರನ್ನು ಅಲ್ಲೇ ನೆಲೆಸಲು ಹೋಗುವವರು ಅಂತ ಮೊದಲೇ ಭಾವಿಸಬೇಕು ಅನ್ನೋ ಕಾನೂನು. ಹಾಗಲ್ಲ ಅಂತ ತೋರಿಸುವ ಹೊಣೆ ನಮ್ಮದು. ಅದಕ್ಕೆ ಸಿಗೋದು ಎರಡು ಮೂರು ನಿಮಿಷ. ಅಷ್ಟರಲ್ಲಿ ಅವರು ಹೆಚ್ಚಾಗಿ ಪಾಸ್‌ಪೋರ್ಟ್, ಐ-20 ಬಿಟ್ಟು ಬೇರೆ ಕಾಗದ ಕೇಳೋದೇ ಇಲ್ಲ. ಹಾಗಾಗಿ ಡಿಎಸ್-160, ಐ-20 ಮತ್ತು ನಿನ್ನ ಬಾಯಿ ಮಾತು, ಈ ಮೂರೂ ಒಂದೇ ಮಾತು ಹೇಳಬೇಕು. ಫೈಲಿನಲ್ಲಿ ಇರೋದು ಆ ಮಾತಿಗೆ ಸಾಕ್ಷಿ ಅಷ್ಟೇ.

ಮೊದಲು ಐ-20 ತೆಗೆದು ಒಂದು ವರ್ಷದ ಖರ್ಚು ಎಷ್ಟು ಅಂತ ಬರೆದಿರುವ ಭಾಗ ನೋಡು. ಉದಾಹರಣೆಗೆ ಒಟ್ಟು 44,000 ಡಾಲರ್ ಅಂತಿಟ್ಟುಕೋ. ಡಾಲರಿಗೆ 85 ರೂಪಾಯಿ ಹಿಡಿದರೆ 37 ಲಕ್ಷದ 40 ಸಾವಿರ. ನೀನು ಹೋಗುವ ಹೊತ್ತಿನ ದರ ಹಾಕಿ ಮತ್ತೆ ಲೆಕ್ಕ ಮಾಡಿಕೋ. ಬ್ಯಾಂಕ್ ಸಾಲ 30 ಲಕ್ಷ, ಅಪ್ಪನ ಎಫ್‌ಡಿ 9 ಲಕ್ಷ ಆದರೆ 39 ಲಕ್ಷ, ಮೊದಲ ವರ್ಷ ಮುಗಿಯಿತು. "ಎರಡನೇ ವರ್ಷಕ್ಕೆ?" ಅಂತ ಕೇಳಿದರೆ ಅಲ್ಲಿ ತೋಟ ಬರಬೇಕು. ಅಲ್ಲಿ ಕೆಲಸ ಮಾಡಿ ಕಟ್ತೀನಿ ಅನ್ನೋದು ಬೇಡ. ತರಗತಿ ನಡೆಯುವಾಗ ಕ್ಯಾಂಪಸ್ಸಿನ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ, ಅದರಿಂದ ಫೀಸು ಹುಟ್ಟೋದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ತೋಟದ ಲೆಕ್ಕವನ್ನು ಅಪ್ಪನ ಜೊತೆ ಕೂತು ಮಾಡು. ಮೂರು ಎಕರೆ, ವರ್ಷಕ್ಕೆ 24 ಕ್ವಿಂಟಾಲ್ ಒಣ ಅಡಿಕೆ, ಕ್ವಿಂಟಾಲಿಗೆ 45,000 ಸಿಕ್ಕಿತು ಅಂದರೆ 10 ಲಕ್ಷದ 80 ಸಾವಿರ. ಕೊನೆ ಕೊಯ್ಲು, ಸುಲಿಯೋದು, ಔಷಧಿ ಹೊಡೆಯೋದು, ಗೊಬ್ಬರ ಎಲ್ಲಾ ಸೇರಿ ಮೂರೂವರೆ ಲಕ್ಷ ಕಳೆದರೆ ಉಳಿಯೋದು ಏಳು ಲಕ್ಷ ಚಿಲ್ಲರೆ. ಅಪ್ಪನ ವಾರ್ಷಿಕ ಆದಾಯ ಕೇಳಿದಾಗ ಈ ಏಳನ್ನೇ ಹೇಳು. ಹತ್ತೂ ಮುಕ್ಕಾಲು ಅಂತ ಒಮ್ಮೆ, ಏಳು ಅಂತ ಇನ್ನೊಮ್ಮೆ ಬಾಯಿಗೆ ಬಂದರೆ ಅಲ್ಲಿಗೆ ನಂಬಿಕೆ ಹೋಯಿತು. ಇದಕ್ಕೆ ಸಾಕ್ಷಿ ಮನೆಯಲ್ಲೇ ಇರುತ್ತೆ. ಸೊಸೈಟಿ ಅಥವಾ ಮಂಡಿಯಲ್ಲಿ ಅಡಿಕೆ ಬಿಟ್ಟ ಎರಡು ಮೂರು ವರ್ಷದ ಬಿಲ್ಲುಗಳು, ಆ ದುಡ್ಡು ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್, ಅಪ್ಪನ ಹೆಸರಿನ ಪಹಣಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ. ಆದಾಯ ಪತ್ರದಲ್ಲಿ ನಮ್ಮ ಕಡೆ ರೂಢಿಗೆ ಕಡಿಮೆ ಮೊತ್ತ ಬರೆಸಿರುತ್ತಾರೆ. ಅದರಲ್ಲಿ ಒಂದು ಲಕ್ಷ ಅಂತಿದ್ದು ನೀನು ಏಳು ಅಂದರೆ ಏನು ಉಪಯೋಗ? ಅದನ್ನು ನೋಡಿಕೊಂಡು, ನಿಜವಾದ ಆದಾಯ ತೋರಿಸಿ ಹೊಸದು ಮಾಡಿಸಿಕೋ.

ಚಾರ್ಟರ್ಡ್ ಅಕೌಂಟೆಂಟ್ ಹತ್ರ ಆಸ್ತಿ ಮೌಲ್ಯದ ವರದಿ ಮಾಡಿಸಿ, ಜಮೀನು ಕೋಟಿ ಬಾಳುತ್ತೆ ಅಂತ ಅದನ್ನೇ ಮುಂದೆ ಹಿಡಿಯುವವರಿದ್ದಾರೆ. ಇದ್ದರೆ ಇರಲಿ, ಆದರೆ ಜಮೀನಿನಿಂದ ಆಗಸ್ಟ್ ತಿಂಗಳ ಫೀಸು ಕಟ್ಟಲಾಗೋದಿಲ್ಲ. ಕೈಗೆ ಸಿಗುವ ಹಣವೇ ಲೆಕ್ಕ. ಹಾಗಂತ ಸಂದರ್ಶನಕ್ಕೆ ಹದಿನೈದು ದಿನ ಮುಂಚೆ ನೆಂಟರಿಂದ ಕೈಗಡ ತಂದು ಖಾತೆಗೆ ತುಂಬಬೇಡಿ. ವರ್ಷವಿಡೀ ಎರಡು ಲಕ್ಷ ಇದ್ದ ಖಾತೆಯಲ್ಲಿ ಒಂದೇ ದಿನ ಹದಿನೈದು ಲಕ್ಷ ಬಂದಿದ್ದು ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತೆ. ಸಾಲದ ಪತ್ರವೂ ಮಂಜೂರಾದ ಪತ್ರವೇ ಆಗಿರಲಿ, "ಪರಿಶೀಲಿಸುತ್ತೇವೆ" ಅನ್ನೋ ಪತ್ರ ಸಾಲದು. ಬ್ಯಾಂಕಿನವರು ಸಾಮಾನ್ಯವಾಗಿ ತೋಟವನ್ನು ಅಡಮಾನಕ್ಕೆ ಒಪ್ಪೋದಿಲ್ಲ, ಮನೆ ಅಥವಾ ಸೈಟು ಕೇಳ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಓಡಾಟ ಹಿಡಿಯುತ್ತೆ, ಸಾಲ ಇನ್ನೂ ಆಗಿಲ್ಲದಿದ್ದರೆ ನಾಳೆಯೇ ಹೋಗು.

ಉಳಿದ ಕಾಗದ ಸುಲಭ. ಪಾಸ್‌ಪೋರ್ಟ್, ನೀನೂ ಸಹಿ ಹಾಕಿದ ಐ-20, ಡಿಎಸ್-160 ದೃಢೀಕರಣದ ಹಾಳೆ, ಅಪಾಯಿಂಟ್‌ಮೆಂಟ್ ಹಾಳೆ, ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ವ್ಯವಸ್ಥೆಗೆ ಕಟ್ಟಿದ ಫೀಸಿನ ರಸೀದಿ, ಎಲ್ಲಾ ಮಾರ್ಕ್ಸ್‌ಕಾರ್ಡು, ಇಂಗ್ಲಿಷ್ ಪರೀಕ್ಷೆಯ ಅಂಕ. ಐ-20ರ ಮೇಲಿನ ಸೆವಿಸ್ ನಂಬರೂ ರಸೀದಿಯ ನಂಬರೂ ಒಂದೇ ಇದೆಯಾ ಅಂತ ಅಕ್ಷರ ಅಕ್ಷರ ಹೋಲಿಸು. ಬೆರಳಚ್ಚು, ಫೋಟೋಗೆ ಬೇರೆ ಅಪಾಯಿಂಟ್‌ಮೆಂಟ್ ಇರುತ್ತೆ, ಮರೆಯಬೇಡ. ಕಾನ್ಸುಲೇಟ್ ಒಳಗೆ ಮೊಬೈಲ್ ಬಿಡೋದಿಲ್ಲ, ಬೇಕಾದ್ದೆಲ್ಲ ಪ್ರಿಂಟ್ ಮಾಡಿಕೊಂಡಿರು. ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಹೆಸರುಗಳನ್ನು ಅರ್ಜಿಯಲ್ಲಿ ಕೇಳ್ತಾರೆ. 2025ರ ಜೂನ್‌ನಿಂದ ವಿದ್ಯಾರ್ಥಿಗಳು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು ಅಂತಲೂ ಹೇಳಿದ್ದಾರೆ.

ಇನ್ನು ಪ್ರಶ್ನೆ. ಈ ಯೂನಿವರ್ಸಿಟಿಯೇ ಯಾಕೆ, ಎಷ್ಟು ಕಡೆ ಅರ್ಜಿ ಹಾಕಿದ್ದೆ, ಎಲ್ಲಿ ಸಿಗಲಿಲ್ಲ, ಯಾರು ಖರ್ಚು ಕೊಡ್ತಾರೆ, ಅಪ್ಪ ಏನು ಮಾಡ್ತಾರೆ, ಅಲ್ಲಿ ನೆಂಟರಿದ್ದಾರಾ, ಓದಿದ ಮೇಲೆ ಏನು. ಹೆಚ್ಚುಕಮ್ಮಿ ಇಷ್ಟೇ. ಯೂನಿವರ್ಸಿಟಿ ಪ್ರಶ್ನೆಗೆ ರ‍್ಯಾಂಕಿಂಗ್, ಒಳ್ಳೆಯ ಪ್ರಾಧ್ಯಾಪಕರು ಅಂತ ಎಲ್ಲರೂ ಹೇಳ್ತಾರೆ. ನೀನು ತಗೊಳ್ಳೋ ಎರಡು ವಿಷಯದ ಹೆಸರು ಹೇಳಿ, ನಿನ್ನ ಬಿಇ ಪ್ರಾಜೆಕ್ಟಿಗೂ ಅದಕ್ಕೂ ಏನು ಸಂಬಂಧ ಅಂತ ಒಂದು ವಾಕ್ಯದಲ್ಲಿ ಹೇಳು. ಅಪ್ಪನ ಬಗ್ಗೆ ಕೇಳಿದರೆ "ಬಿಸಿನೆಸ್" ಅನ್ನಬೇಡ. "ಅಡಿಕೆ ಬೆಳೆಗಾರರು, ಮೂರು ಎಕರೆ, ವರ್ಷಕ್ಕೆ ಖರ್ಚು ಕಳೆದು ಏಳು ಲಕ್ಷ" ಅಂತ ನೇರ ಇಂಗ್ಲಿಷಿನಲ್ಲಿ ಹೇಳಿ ನಿಲ್ಲಿಸು. ನಾನು ಎರಡನೇ ಸಲ ಹೀಗೇ ಹೇಳಿದ್ದೆ. ಆ ಆಫೀಸರ್ ಅಡಿಕೆ ಅಂದರೇನು ಅಂತ ಕೇಳಿದರು. ಹೇಳಿದೆ, ಮಂಡಿ ಬಿಲ್ಲು ಬೇಕಾ ಅಂತಲೂ ಕೇಳಿದೆ. ಬೇಡ ಅಂದು ಪಾಸ್‌ಪೋರ್ಟ್ ಪಕ್ಕಕ್ಕೆ ಇಟ್ಟುಕೊಂಡರು, ವೀಸಾ ಆಯ್ತು. ಓದಿದ ಮೇಲಿನ ಪ್ರಶ್ನೆಗೆ ಯಾರೋ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಬೇಡ, ನೀನು ನಿಜವಾಗಿ ಯೋಚಿಸಿರೋದನ್ನೇ ಹೇಳು. ನೆಂಟರಿದ್ದರೆ ಇದ್ದಾರೆ ಅನ್ನು. ಇರೋದರಿಂದ ಅಲ್ಲ, ಮುಚ್ಚಿಟ್ಟರೆ ತೊಂದರೆ.

ಇನ್ನಷ್ಟು ಪರಿಶೀಲನೆ ಬೇಕು ಅನ್ನಿಸಿದರೆ 221(ಜಿ) ಅಂತ ಚೀಟಿ ಕೊಡ್ತಾರೆ. ಬೇರೆ ಕಾಗದ ಬೇಕಿದ್ದರೆ ಅದರಲ್ಲೇ ಬರೆದಿರುತ್ತೆ, ಕೇಳಿದ್ದನ್ನು ಕೊಟ್ಟು ಕಾಯಬೇಕು.

ಈಗ ಮೊದಲು ನಿನ್ನ ಡಿಎಸ್-160 ತೆಗೆದು ಐ-20 ಪಕ್ಕ ಇಟ್ಟು ಓದು. ತಪ್ಪು ಸಿಕ್ಕರೆ, ಸಲ್ಲಿಸಿದ ಅರ್ಜಿ ತಿದ್ದಲು ಬರೋದಿಲ್ಲ. ಹೊಸದು ತುಂಬಿ, ಅದರ ಹೊಸ ನಂಬರನ್ನು ಅಪಾಯಿಂಟ್‌ಮೆಂಟ್ ಖಾತೆಯಲ್ಲಿ ಬದಲಾಯಿಸಬೇಕು. ಕೊನೇ ದಿನಕ್ಕೆ ಬಿಡದೆ ಈ ವಾರವೇ ಮಾಡು.