ಇಕ್ಕಟ್ಟಾದ ತರಗತಿಯಲ್ಲಿ ಹನ್ನೊಂದು ಮನೆಗಳ ಆಟ

ಪ್ರಶ್ನೆ: ನಮ್ಮ ಒಂದನೆಯ ತರಗತಿಯ ಮಕ್ಕಳು ಹತ್ತರವರೆಗೆ ಸಲೀಸಾಗಿ ಎಣಿಸುತ್ತಾರೆ, ಆದರೆ ಹತ್ತರಿಂದ ಹಿಂದಕ್ಕೆ ಎಣಿಸು ಎಂದರೆ ನಿಂತುಬಿಡುತ್ತಾರೆ. ಕೋಣೆ ಬಹಳ ಸಣ್ಣದು. ಮೈ ಆಡಿಸುತ್ತ ಇದನ್ನು ಕಲಿಸುವ ಆಟ ಯಾವುದಾದರೂ ಇದೆಯೇ?

ನಾನು ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಸಣ್ಣ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ನಮ್ಮ ಕೋಣೆಯಲ್ಲಿ ಮಕ್ಕಳೆಲ್ಲ ಗೋಡೆಗುಂಟ ಕುಳಿತ ಮೇಲೆ ನಡುವೆ ಉಳಿಯುವುದು ಸುಮಾರು 9 ಅಡಿ ಉದ್ದದ ಒಂದು ಪಟ್ಟಿ ಮಾತ್ರ, ಮತ್ತು ಈ ಆಟಕ್ಕೆ ಅಷ್ಟು ಸಾಕು. ಫರ್ಸಿಯ ಮೇಲೆ ಖಡುವಿನಿಂದ ನೇರ ಸಾಲಿನಲ್ಲಿ 11 ಮನೆಗಳನ್ನು ಬರೆಯಿರಿ. ಒಂದೊಂದು ಮನೆ 9 ಅಂಗುಲ ಉದ್ದವಿದ್ದರೆ ಒಟ್ಟು 8 ಅಡಿ 3 ಅಂಗುಲವಾಗುತ್ತದೆ, ಮಗುವಿನ ಎರಡೂ ಪಾದಗಳು ಅದರಲ್ಲಿ ಹಿಡಿಯುತ್ತವೆ. ಮೊದಲ ಮನೆಗೆ 0, ಕೊನೆಯದಕ್ಕೆ 10. ಜಾಗ ಸಾಲದಿದ್ದರೆ 5ಕ್ಕೇ ನಿಲ್ಲಿಸಿ, ಆದರೆ ಸಾಲನ್ನು ಹಾವಿನಂತೆ ತಿರುಗಿಸಬೇಡಿ. ತಿರುವು ಬಂದ ಕೂಡಲೇ ಮುಂದೆ ಯಾವುದು, ಹಿಂದೆ ಯಾವುದು ಎಂಬುದು ಮಗುವಿಗೆ ಗೊಂದಲವಾಗುತ್ತದೆ.

ಒಂದು ಮಗು 0ಯ ಮೇಲೆ 10ರ ಕಡೆಗೆ ಮುಖಮಾಡಿ ನಿಲ್ಲುತ್ತದೆ. ಕುಳಿತವರು ಒಂದು ಚಪ್ಪಾಳೆ ತಟ್ಟಿದರೆ ಒಂದು ಹೆಜ್ಜೆ ಮುಂದೆ. ಎರಡೂ ಪಾದಗಳು ಮನೆಯೊಳಗೆ ಬಂದ ಮೇಲೆಯೇ ಎಲ್ಲರೂ ಆ ಮನೆಯ ಸಂಖ್ಯೆಯನ್ನು ಹೇಳಬೇಕು. ನೀವು ‘ಹಿಂದಕ್ಕೆ’ ಎಂದಾಗ ಮಗು ತಿರುಗದೆ, ಮುಖವನ್ನು 10ರ ಕಡೆಗೇ ಇಟ್ಟುಕೊಂಡು ಹಿಂದೆ ಹೆಜ್ಜೆ ಇಡಬೇಕು. ತಿರುಗಿ ನಡೆದರೆ ಅದರ ಮೈಗೆ ಅದೂ ಮುಂದೆ ಹೋದಂತೆಯೇ ಆಗುತ್ತದೆ, ಸಂಖ್ಯೆ ಇಳಿಯುತ್ತಿದೆ ಎಂಬುದು ಕಾಲಿಗೆ ತಿಳಿಯುವುದಿಲ್ಲ. ಹಿಂದಡಿ ಇಡುವಾಗ ಓಟವೂ ಬೇಡ, ಜಿಗಿತವೂ ಬೇಡ.

ಇದರ ಜೊತೆಗೆ, ಕುಳಿತವರಲ್ಲಿ ಒಬ್ಬರ ಮುಂದೆ ಖಾಲಿ ಬಟ್ಟಲು ಇಡಿ. ಮುಂದಿನ ಹೆಜ್ಜೆಗೆ ಒಂದು ಹುಣಸೆಬೀಜ ಒಳಗೆ, ಹಿಂದಿನ ಹೆಜ್ಜೆಗೆ ಒಂದು ಹೊರಗೆ. ಎಲ್ಲಿ ನಿಲ್ಲಿಸಿ ನೋಡಿದರೂ ಮನೆಯ ಸಂಖ್ಯೆಯೂ ಬಟ್ಟಲಿನ ಬೀಜಗಳೂ ಸರಿಹೊಂದಬೇಕು. ಬೀಜಗಳಿಲ್ಲದೆ ಆಡಿಸಿದರೆ ಮಕ್ಕಳು ಸಂಖ್ಯೆಗಳ ಹೆಸರಿನ ಸಾಲನ್ನಷ್ಟೇ ಕಲಿಯುತ್ತಾರೆ. ಆರಕ್ಕಿಂತ ಐದು ಒಂದು ಕಡಿಮೆ ಎಂಬುದು ಬೀಜ ಹೊರಬಂದಾಗಲೇ ಕಣ್ಣಿಗೆ ಕಾಣುವುದು.

ತಪ್ಪುಗಳು ಹೆಚ್ಚಾಗಿ ದಿಕ್ಕು ಬದಲಾಗುವ ಜಾಗದಲ್ಲೇ ಆಗುತ್ತವೆ. ಹೋದ ವರ್ಷ ಒಬ್ಬ ಹುಡುಗಿ 7ರಲ್ಲಿ ನಿಂತಿದ್ದಾಗ ನಾನು ‘ಮೂರು ಹೆಜ್ಜೆ ಹಿಂದಕ್ಕೆ’ ಎಂದೆ. ಅವಳು ನಿಂತಲ್ಲೇ ‘ಏಳು’ ಎಂದು, ಹಿಂದೆ ಸರಿಯುತ್ತ ‘ಆರು, ಐದು’ ಎಂದು ಹೇಳಿ 5ರಲ್ಲೇ ನಿಂತಳು. ‘ಮೂರ ಆತ್ರಿ ಅಕ್ಕೋರ, ಏಳು, ಆರು, ಐದು’ ಎಂದು ಬೆರಳು ಮಡಚಿ ತೋರಿಸಿದಳು. ನಿಂತ ಮನೆಯನ್ನೂ ಅವಳು ಹೆಜ್ಜೆಯೆಂದು ಲೆಕ್ಕ ಹಿಡಿದಿದ್ದಳು. ನಾನು ತಪ್ಪು ಎನ್ನದೆ ಬಟ್ಟಲು ತೋರಿಸಿ, ಎಷ್ಟು ಬೀಜ ಹೊರಗೆ ಬಂದಿವೆ ಎಂದು ಕೇಳಿದೆ. ಎರಡೇ ಇದ್ದವು. ಅವಳೇ ಇನ್ನೊಂದು ಬೀಜ ತೆಗೆಸಿ 4ಕ್ಕೆ ಸರಿದಳು. ಕಾಲು ಎತ್ತದೆ ಎಣಿಸಬಾರದು ಎಂಬ ನಿಯಮವನ್ನು ಅಂದಿನಿಂದ ಆಟಕ್ಕೆ ಸೇರಿಸಿದ್ದೇನೆ.

ಇನ್ನೊಂದು ತೊಂದರೆ ಅಷ್ಟು ಸುಲಭವಾಗಿ ಕಾಣಿಸುವುದಿಲ್ಲ. ಉತ್ತರ ಸರಿಯಾಗಿರುತ್ತದೆ, ಆದರೆ ತಡವಾಗಿ ಬರುತ್ತದೆ. ಆಗ ಮಗುವಿನ ತುಟಿಗಳನ್ನು ನೋಡಿ: ಆರರ ಹಿಂದಿನದನ್ನು ಹುಡುಕಲು ಅದು ಒಂದರಿಂದ ಪಿಸುಗುಡುತ್ತ ಬರುತ್ತಿದ್ದರೆ, ಹಿಂದಕ್ಕೆ ಎಣಿಸುವುದು ಅದಕ್ಕೆ ಇನ್ನೂ ಬಂದಿಲ್ಲ. ಅಂಥ ಮಗುವಿಗೆ 0ಯಿಂದ 5ರವರೆಗೆ ಮಾತ್ರ ಆಡಿಸಿ, ನಡುನಡುವೆ ದಿಕ್ಕು ಬದಲಿಸಿ. ಪಿಸುಗುಡುವುದು ನಿಂತ ಮೇಲೆ ಮನೆಗಳನ್ನು ಒಂದೊಂದಾಗಿ ಹೆಚ್ಚಿಸಿ.

ಇಡೀ ಸಾಲು ಸಲೀಸಾದ ಮೇಲೆ ಅಂಕಿಗಳನ್ನು ಅಳಿಸುವ ಹಂತ ಬರುತ್ತದೆ, ಏಕೆಂದರೆ ನೆಲದ ಮೇಲಿನ ಅಂಕಿಯನ್ನು ಓದುವುದಕ್ಕೂ ಎಣಿಸುವುದಕ್ಕೂ ವ್ಯತ್ಯಾಸವಿದೆ. ಮೊದಲು 4 ಮತ್ತು 7ನ್ನು ಮಾತ್ರ ಅಳಿಸಿ, ಖಾಲಿ ಮನೆಗೆ ಬಂದವರು ಹೆಸರು ಹೇಳಲಿ. ಕೊನೆಗೆ 0, 5, 10 ಇವಷ್ಟೇ ಉಳಿಯಲಿ.

ಅದೇ ಮನೆಗಳಲ್ಲಿ 10ರಿಂದ 20ರವರೆಗೆ ಬರೆದು ಆಡಿಸುವಾಗ, ಇಪ್ಪತ್ತರಿಂದ ಮೊದಲ ಹೆಜ್ಜೆ ಹಿಂದಿಟ್ಟಾಗ ಕಿವಿಗೊಟ್ಟು ಕೇಳಿ. ಹದಿನೆಂಟು, ಹದಿನೇಳು, ಹದಿನಾರು ಎಂದು ‘ಹದಿ’ಯಿಂದ ಶುರುವಾಗುವ ಹೆಸರುಗಳಿಗಿಂತ ಹತ್ತೊಂಬತ್ತು ಬೇರೆ ರೀತಿಯ ಹೆಸರು, ಹೀಗಾಗಿ ಕೆಲವು ಮಕ್ಕಳು ಅದನ್ನು ಬಿಟ್ಟು ನೇರವಾಗಿ ಹದಿನೆಂಟಕ್ಕೆ ಇಳಿಯುತ್ತಾರೆ. ಆಗ ಇಡೀ ಸಾಲು ನಡೆಸುವ ಬದಲು 18, 19, 20 ಈ ಮೂರು ಮನೆಗಳಲ್ಲೇ ಐದಾರು ಸಲ ಹಿಂದೆ ಮುಂದೆ ಹೆಜ್ಜೆ ಹಾಕಿಸಿ, ಆಮೇಲೆ ಹದಿನೇಳಕ್ಕೆ ಇಳಿಸಿ.