ನಾಲ್ಕು ದಿನ ಬಿಟ್ಟು ನೋಡಿದರೆ ಗೊತ್ತಾಗುವುದಿಲ್ಲ

*ಸಂಪಾದಕರಿಗೆ ನಮಸ್ಕಾರ. ನನಗೆ 56 ವರ್ಷ. ದಾವಣಗೆರೆ ಪಕ್ಕದ ಹಳ್ಳಿ. ಗಣಪತಿ ಹಬ್ಬದ ಹೊತ್ತಿಗೆ ಬಿ.ಪಿ. ಇದೆ ಅಂತ ಎನಲಾಪ್ರಿಲ್ ಮಾತ್ರೆ ಬರೆದುಕೊಟ್ಟರು. ದೀಪಾವಳಿ ಹೊತ್ತಿಗೆ ಒಣ ಕೆಮ್ಮು ಶುರುವಾಯಿತು. ಗಂಟಲಲ್ಲಿ ಕೂದಲು ಸಿಕ್ಕಿದ ಹಾಗೆ ಕೆರೆತ. ಮೆಕ್ಕೆಜೋಳ ಒಕ್ಕುವ ಕಾಲ, ಧೂಳಿಗೆ ಅಂದುಕೊಂಡೆ. ಸಿರಪ್ ಮೂರು ಬಾಟಲಿ ಮುಗೀತು, ಆ್ಯಂಟಿಬಯೋಟಿಕ್ ಆಯಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಸಂಕ್ರಾಂತಿಗೆ ಚಿತ್ರದುರ್ಗದ ಮಗಳ ಮನೆಗೆ ಹೋದರೂ ಕೆಮ್ಮು ಬಿಡಲಿಲ್ಲ. ಬಿ.ಪಿ. ಮಾತ್ರೆಯಿಂದ ಇರಬಹುದು ಅಂತ ಮಗಳು ಅಂದಳು. ಅದಕ್ಕೇ ನಾಲ್ಕು ದಿನ ಮಾತ್ರೆ ಬಿಟ್ಟು ನೋಡಿದೆ. ಕೆಮ್ಮು ಹಾಗೇ ಇತ್ತು, ಮತ್ತೆ ಶುರು ಮಾಡಿದೆ. ಅಂದ್ರೆ ಮಾತ್ರೆ ಕಾರಣ ಅಲ್ಲ ಅಲ್ವಾ?*

*— ಒಬ್ಬ ಓದುಗರು, ದಾವಣಗೆರೆ ತಾಲ್ಲೂಕು*

ಅಕ್ಕ, ನಮಸ್ಕಾರ.

ನಿಮ್ಮ ಮಗಳ ಅನುಮಾನವೇ ಸರಿ ಇರಬಹುದು ಎಂದು ನನಗೆ ಬಲವಾಗಿ ಅನಿಸುತ್ತದೆ. ನಾಲ್ಕು ದಿನದಲ್ಲಿ ಕೆಮ್ಮು ನಿಲ್ಲಲಿಲ್ಲ ಎಂಬ ಒಂದೇ ಕಾರಣಕ್ಕೆ ಮಾತ್ರೆಯನ್ನು ಪಟ್ಟಿಯಿಂದ ತೆಗೆದುಹಾಕಬೇಡಿ. ಈ ಕೆಮ್ಮು ಬರುವುದೂ ನಿಧಾನ, ಹೋಗುವುದೂ ನಿಧಾನ. ಮಾತ್ರೆ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ ಹಿಡಿಯುತ್ತದೆ. ಕೆಲವರಿಗೆ ಮೂರು ತಿಂಗಳವರೆಗೂ ಎಳೆಯುತ್ತದೆ. ಮಾತ್ರೆ ನಿಮ್ಮ ಕೆಮ್ಮಿಗೆ ಕಾರಣ ಹೌದೋ ಅಲ್ಲವೋ ಎಂದು ನಾಲ್ಕು ದಿನದಲ್ಲಿ ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಮೊದಲು ಕೆಮ್ಮು ಹೇಗೆ ಹುಟ್ಟುತ್ತದೆ ನೋಡೋಣ. ಅದು ಗೊತ್ತಾದರೆ ಸಿರಪ್ ಯಾಕೆ ಕೆಲಸ ಮಾಡಲಿಲ್ಲ ಎಂಬುದೂ ತಿಳಿಯುತ್ತದೆ. ನಮ್ಮ ಮೈಯಲ್ಲಿ, ಅದರಲ್ಲೂ ಶ್ವಾಸಕೋಶದಲ್ಲಿ, ಎ.ಸಿ.ಇ. ಎಂಬ ಕಿಣ್ವ ಇದೆ. ಅದಕ್ಕೆ ಎರಡು ಕೆಲಸ. ರಕ್ತನಾಳವನ್ನು ಬಿಗಿಮಾಡುವ ವಸ್ತುವನ್ನು ತಯಾರಿಸುವುದು ಒಂದು. ಬ್ರಾಡಿಕೈನಿನ್ ಎಂಬ ಇನ್ನೊಂದು ವಸ್ತುವನ್ನು ಒಡೆದು ಮುಗಿಸುವುದು ಎರಡನೆಯದು. ನೀವು ನುಂಗುವ ಎನಲಾಪ್ರಿಲ್ ಈ ಕಿಣ್ವವನ್ನೇ ತಡೆಯುತ್ತದೆ. ಮೊದಲ ಕೆಲಸ ನಿಂತಾಗ ನಾಳ ಸಡಿಲವಾಗಿ ಬಿ.ಪಿ. ಇಳಿಯುತ್ತದೆ. ಎರಡನೆಯ ಕೆಲಸವೂ ನಿಲ್ಲುವುದರಿಂದ ಬ್ರಾಡಿಕೈನಿನ್ ಮತ್ತು ಅಂಥದೇ ಕೆಲವು ವಸ್ತುಗಳು ಉಸಿರಿನ ದಾರಿಯಲ್ಲಿ ಸೇರಿಕೊಳ್ಳುತ್ತವೆ. ಅವು ಅಲ್ಲಿನ ನರಗಳನ್ನು ಸೂಕ್ಷ್ಮ ಮಾಡುತ್ತವೆ. ಆಮೇಲೆ ಜೋರಾಗಿ ಮಾತಾಡಿದರೂ, ನಕ್ಕರೂ, ತಣ್ಣನೆ ಗಾಳಿ ತಗುಲಿದರೂ ಗಂಟಲು ಕೆರೆಯುತ್ತದೆ, ಕೆಮ್ಮು ಬರುತ್ತದೆ.

ಈ ಮಾತ್ರೆಗಳ ಹುಟ್ಟಿಗೂ ಬ್ರಾಡಿಕೈನಿನ್‌ಗೂ ಹಳೆಯ ನಂಟು. ಬ್ರೆಜಿಲ್‌ನ ಒಂದು ಜಾತಿಯ ಹಾವಿನ ವಿಷ ಬ್ರಾಡಿಕೈನಿನ್‌ನ ಪರಿಣಾಮವನ್ನು ಹೆಚ್ಚು ಮಾಡುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದರು. ಆ ಜಾಡು ಹಿಡಿದು ಹೋದದ್ದರಿಂದಲೇ ಈ ಗುಂಪಿನ ಮೊದಲ ಮಾತ್ರೆ ಕ್ಯಾಪ್ಟೊಪ್ರಿಲ್ ಸಿದ್ಧವಾಯಿತು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಲಕ್ಷಾಂತರ ಜನರ ಹೃದಯ, ಕಿಡ್ನಿ ಉಳಿಸಿದ ಗುಂಪು ಇದು. ಕೆಮ್ಮಿನ ಕಾರಣಕ್ಕೆ ಇದನ್ನು ಕೆಟ್ಟ ಔಷಧ ಎಂದು ಯಾರೂ ತಿಳಿಯಬಾರದು. ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಈ ಕೆಮ್ಮು ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಉಳಿದವರು ಆರಾಮಾಗಿ ವರ್ಷಗಟ್ಟಲೆ ನುಂಗುತ್ತಾರೆ.

ಇಲ್ಲಿ ಕ್ರಿಮಿಯೂ ಇಲ್ಲ, ಕಫವೂ ಇಲ್ಲ. ಹಾಗಾಗಿ ಆ್ಯಂಟಿಬಯೋಟಿಕ್‌ಗೆ ಕೊಲ್ಲಲು ಏನೂ ಸಿಗುವುದಿಲ್ಲ, ಸಿರಪ್‌ಗೆ ಕರಗಿಸಲು ಏನೂ ಸಿಗುವುದಿಲ್ಲ. ಶುಂಠಿ ಕಷಾಯ ಕುಡಿದಾಗ ಗಂಟಲಿಗೆ ಹಿತ ಅನಿಸಬಹುದು, ಅಷ್ಟೇ. ಮಾತ್ರೆ ದಿನಾ ಒಳಗೆ ಹೋಗುತ್ತಿರುವವರೆಗೆ ಕೆರೆತವೂ ಇರುತ್ತದೆ.

ಇನ್ನು ಮೆಕ್ಕೆಜೋಳದ ವಿಷಯ. ಅನುಮಾನ ಧೂಳಿನ ಮೇಲೆ ಹೋದದ್ದು ಸಹಜ. ನಮ್ಮ ಕಡೆ ಆ ತಿಂಗಳಲ್ಲಿ ಕಣದಲ್ಲಿ ಮಿಷನ್ ಸದ್ದು, ರಸ್ತೆ ಮೇಲೆಲ್ಲ ಕಾಳು ಒಣಗಿಸಿರುತ್ತಾರೆ. ಯಾರಿಗೆ ಕೆಮ್ಮು ಬಂದರೂ ಧೂಳೇ ನೆನಪಾಗುತ್ತದೆ. ಆದರೆ ಧೂಳಿನ ಕೆಮ್ಮಿಗೆ ಅದರದೇ ನಡತೆ ಇದೆ. ಸೀನು, ಮೂಗು ಸೋರುವುದು, ಕಣ್ಣು ಉರಿ ಜೊತೆಗೆ ಬರುತ್ತವೆ. ಕೆಲವರಿಗೆ ಎದೆಯಲ್ಲಿ ಸುಂಯ್ ಎಂಬ ಸದ್ದೂ ಇರುತ್ತದೆ. ಧೂಳು ಬಿಟ್ಟು ದೂರ ಹೋದರೆ ತಗ್ಗುತ್ತದೆ, ಸುಗ್ಗಿ ಮುಗಿದರೆ ತಾನೂ ಮುಗಿಯುತ್ತದೆ. ನಿಮ್ಮದು ಸುಗ್ಗಿ ಮುಗಿದ ಮೇಲೂ, ಊರು ಬದಲಾದ ಮೇಲೂ ಉಳಿದಿದೆ. ಅದೇ ನನಗೆ ದೊಡ್ಡ ಸುಳಿವು.

ಎರಡನೆಯ ಸುಳಿವು ಹಬ್ಬಗಳ ಲೆಕ್ಕದಲ್ಲಿದೆ. ಗಣಪತಿ ಹಬ್ಬದಿಂದ ದೀಪಾವಳಿಗೆ ಎರಡು ತಿಂಗಳ ಹತ್ತಿರ. ಮಾತ್ರೆಯಿಂದಲೇ ಆಗಿದ್ದರೆ ಮರುದಿನವೇ ಬರಬೇಕಿತ್ತು ಅಲ್ವಾ ಎಂದು ಬಹಳ ಜನ ಕೇಳುತ್ತಾರೆ. ಹಾಗಲ್ಲ. ಕೆಲವರಿಗೆ ಮೊದಲ ಮಾತ್ರೆ ನುಂಗಿದ ಕೆಲವೇ ಗಂಟೆಯಲ್ಲಿ ಬರುತ್ತದೆ. ಹೆಚ್ಚಿನವರಿಗೆ ಕೆಲವು ವಾರ ಬಿಟ್ಟು ಬರುತ್ತದೆ. ತಿಂಗಳುಗಳು ಕಳೆದು ಬರುವುದೂ ಇದೆ. ಈ ಅಂತರದಿಂದಲೇ ಮಾತ್ರೆ ತಪ್ಪಿಸಿಕೊಳ್ಳುತ್ತದೆ. ಕೆಮ್ಮು ಬಂದ ವಾರದಲ್ಲಿ ಏನಾಯಿತು ಎಂದಷ್ಟೇ ನಾವು ಹುಡುಕುತ್ತೇವೆ, ಎರಡು ತಿಂಗಳ ಹಿಂದಿನ ಚೀಟಿ ತೆಗೆದು ನೋಡುವುದಿಲ್ಲ. ಹೊಸ ಡಾಕ್ಟರ ಹತ್ತಿರ ಕೆಮ್ಮಿಗೆ ಹೋದಾಗ ಬಿ.ಪಿ. ಮಾತ್ರೆಯ ಹೆಸರೂ ಹೇಳುವುದಿಲ್ಲ, ಯಾಕೆಂದರೆ ಅದು ಬೇರೆ ಕಾಯಿಲೆ ಅಂದುಕೊಂಡಿರುತ್ತೇವೆ.

ಹಾಗಾದರೆ ಈಗ ಏನು ಮಾಡಬೇಕು? ಮಾತ್ರೆಯನ್ನು ನೀವೇ ಇನ್ನೊಮ್ಮೆ ಬಿಡಬೇಡಿ. ಬಿಟ್ಟ ದಿನಗಳಲ್ಲಿ ಬಿ.ಪಿ. ಏರಿದರೂ ನಿಮಗೆ ತಿಳಿಯುವುದಿಲ್ಲ, ಅದಕ್ಕೆ ತಲೆನೋವು ಬರಲೇಬೇಕು ಅಂತಿಲ್ಲ. ಎಲ್ಲ ಮಾತ್ರೆಯ ಶೀಟು, ಹಳೆ ಚೀಟಿ, ಎಕ್ಸ್‌ರೇ ಒಂದು ಚೀಲಕ್ಕೆ ಹಾಕಿಕೊಂಡು, ಬಿ.ಪಿ.ಗೆ ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ. "ಈ ಮಾತ್ರೆ ಶುರು ಮಾಡಿ ಎರಡು ತಿಂಗಳಿಗೆ ಒಣ ಕೆಮ್ಮು ಬಂತು, ಇದರಿಂದ ಇರಬಹುದಾ, ಬದಲಿಸಬಹುದಾ?" ಎಂದು ಕೇಳಿ. ಇದು ಯಾವ ಡಾಕ್ಟರಿಗೂ ಹೊಸ ವಿಷಯವಲ್ಲ. ಕೇಳಲು ಸಂಕೋಚ ಬೇಡ.

ಸಾಮಾನ್ಯವಾಗಿ ಬದಲಿಗೆ ಕೊಡುವುದು 'ಸಾರ್ಟಾನ್' ಗುಂಪಿನ ಮಾತ್ರೆ. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಆ ಗುಂಪಿನವು. ಅವು ಕಿಣ್ವವನ್ನು ಮುಟ್ಟುವುದಿಲ್ಲ. ನಾಳ ಬಿಗಿಮಾಡುವ ವಸ್ತು ಹೋಗಿ ಅಂಟುವ ಜಾಗವನ್ನಷ್ಟೇ ಮುಚ್ಚುತ್ತವೆ. ಬ್ರಾಡಿಕೈನಿನ್ ಎಂದಿನಂತೆ ಒಡೆದುಹೋಗುತ್ತಿರುತ್ತದೆ. ಹಾಗಾಗಿ ಅವುಗಳಿಂದ ಈ ಕೆಮ್ಮು ಬರುವುದು ಅಪರೂಪ. ಹಳೆಯದು ನಿಲ್ಲಿಸಿದ ಮೇಲೆ ಹೊಸದನ್ನು ಯಾವತ್ತಿನಿಂದ, ಎಷ್ಟು ಎಂಜಿ ಶುರು ಮಾಡಬೇಕು ಎಂದು ಡಾಕ್ಟರೇ ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಬಾರದು. ಬದಲಿಸಿದ ಕೆಲವು ವಾರಕ್ಕೆ ಬಿ.ಪಿ. ನೋಡಿಸಿ. ಕ್ರಿಯಾಟಿನಿನ್, ಪೊಟ್ಯಾಶಿಯಂ ರಕ್ತಪರೀಕ್ಷೆ ಬರೆದುಕೊಟ್ಟರೆ ಅದನ್ನೂ ಮಾಡಿಸಿ.

ಎರಡು ಕಡೆ ಎಡವುವುದುಂಟು. ಎನಲಾಪ್ರಿಲ್ ಬಿಟ್ಟು ರಾಮಿಪ್ರಿಲ್ ತೆಗೆದುಕೊಂಡರೆ ಏನೂ ಬದಲಾಗುವುದಿಲ್ಲ, ಅದೂ ಅದೇ ಕಿಣ್ವವನ್ನು ತಡೆಯುತ್ತದೆ. ಶೀಟಿನ ಮೇಲೆ ಕಂಪನಿಯ ಹೆಸರು ದಪ್ಪಗಿರುತ್ತದೆ, ಅದನ್ನು ಬಿಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಇರುತ್ತದೆ. ಅದರ ಕೊನೆಯಲ್ಲಿ ಇಂಗ್ಲಿಷಿನ ಪಿ, ಆರ್, ಐ, ಎಲ್ ಎಂಬ ನಾಲ್ಕು ಅಕ್ಷರ ಇದ್ದರೆ ಅದು ಈ ಗುಂಪು. ಎರಡು ಔಷಧ ಕೂಡಿಸಿದ ಮಾತ್ರೆಯಾದರೆ ಎರಡೂ ಹೆಸರು ಓದಿಸಿ. ಮಗಳು ಓದಿ ಹೇಳಲಿ, ಇಲ್ಲವೇ ಮೆಡಿಕಲ್ ಶಾಪಿನಲ್ಲಿ ಕೇಳಿ. ಇನ್ನೊಂದು, ಮಾತ್ರೆಯನ್ನು ಅರ್ಧ ಮಾಡಿ ನುಂಗುವುದು. ಈ ಕೆಮ್ಮು ಎಂಜಿ ಲೆಕ್ಕ ನೋಡಿ ಬರುವುದಲ್ಲ. ಅರ್ಧ ಮಾತ್ರೆಗೂ ಕೆಮ್ಮು ಉಳಿಯಬಹುದು, ಬಿ.ಪಿ. ಮಾತ್ರ ಹತೋಟಿ ತಪ್ಪುತ್ತದೆ.

ಬದಲಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ರಾತ್ರಿ ಕೆಮ್ಮಿಗೆ ಎಷ್ಟು ಸಲ ಎದ್ದಿರಿ ಎಂದು ಪ್ರತಿದಿನ ಅದರ ಚೌಕದಲ್ಲಿ ಬರೆಯಿರಿ. ಆ ತಿಂಗಳು ಸುಮ್ನೆ ಬೇರೆ ಹೊಸ ಸಿರಪ್, ಹೊಸ ಕಷಾಯ ಶುರು ಮಾಡಬೇಡಿ, ಯಾವುದರಿಂದ ವಾಸಿಯಾಯಿತು ಎಂದು ತಿಳಿಯುವುದಿಲ್ಲ. ಮೊದಲ ವಾರ ಏನೂ ಇಳಿಯದಿರಬಹುದು. ಎರಡು, ಮೂರನೇ ವಾರಕ್ಕೆ ಅಂಕಿ ಕಡಿಮೆಯಾಗುತ್ತಾ ಹೋದರೆ ಕಾರಣ ಸಿಕ್ಕಿತು. ನಾಲ್ಕು ವಾರಕ್ಕೂ ಒಂದಿಷ್ಟೂ ಇಳಿಯದಿದ್ದರೆ ಕ್ಯಾಲೆಂಡರ್ ಹಿಡಿದು ಡಾಕ್ಟರ ಹತ್ತಿರ ಮತ್ತೆ ಹೋಗಿ. ಇನ್ನೂ ಕಾಯಬೇಕೋ, ಆಸ್ತಮಾ, ಹುಳಿತೇಗು, ಮೂಗಿನ ಅಲರ್ಜಿ ಕಡೆ ನೋಡಬೇಕೋ ಎಂದು ಅವರು ನಿರ್ಧರಿಸುತ್ತಾರೆ.

ಈ ಕಾಯುವಿಕೆ ಎಲ್ಲರಿಗೂ ಅಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಂಡರೆ ಮಾತ್ರೆಯ ಮೇಲೆ ಹಾಕಿ ಕೂರಬೇಡಿ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ. ಎಕ್ಸ್‌ರೇ ಸರಿ ಇದ್ದರೂ ಡಾಕ್ಟರು ಹೇಳಿದರೆ ಅದನ್ನೂ ಮಾಡಿಸಿ. ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರಬೇಕಾದರೆ, ಕಾಲು ಊದಿದರೆ, ಹೃದಯ ನೋಡಿಸಬೇಕು. ತುಟಿ, ನಾಲಿಗೆ ಅಥವಾ ಮುಖ ಇದ್ದಕ್ಕಿದ್ದಂತೆ ಊದಿದರೆ ಬೆಳಗಾಗಲಿ ಎಂದು ಕಾಯಬೇಡಿ. ಅದೂ ಇದೇ ಮಾತ್ರೆಯಿಂದ ಅಪರೂಪಕ್ಕೆ ಆಗುತ್ತದೆ, ಉಸಿರೇ ಕಟ್ಟಬಹುದು. ಮುಂದಿನ ಮಾತ್ರೆ ನುಂಗದೆ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಹಾಗಾದವರು ಜನ್ಮದಲ್ಲಿ 'ಪ್ರಿಲ್' ಮುಟ್ಟಬಾರದು.

ನೀವು ಬರೆಯದ ಒಂದು ಮಾತನ್ನು ನಾನೇ ಹೇಳುತ್ತೇನೆ. ತಿಂಗಳುಗಟ್ಟಲೆ ಕೆಮ್ಮಿದಾಗ ಬಹಳ ಹೆಂಗಸರಿಗೆ ಕೆಮ್ಮಿನ ಜೊತೆ ಮೂತ್ರ ಜಾರುತ್ತದೆ. ಮದುವೆ ಮನೆಗೆ, ಬಸ್ಸಿಗೆ ಹೋಗುವುದನ್ನೇ ನಿಲ್ಲಿಸುತ್ತಾರೆ, ಮನೆಯವರಿಗೂ ಹೇಳುವುದಿಲ್ಲ. ನಿಮಗೂ ಹಾಗಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. "ಸ್ವಲ್ಪ ಕೆಮ್ಮು ತಾನೇ, ತಡ್ಕೊಳ್ಳಿ" ಎನ್ನುವ ಮಾತು ಆಗ ಬರುವುದಿಲ್ಲ. ಕೆಮ್ಮು ನಿಂತರೆ ಬಹಳ ಜನರಿಗೆ ಆ ತೊಂದರೆಯೂ ತಗ್ಗುತ್ತದೆ.

ಹೃದಯಾಘಾತ ಆದವರಿಗೆ, ಸಕ್ಕರೆ ಕಾಯಿಲೆಯಿಂದ ಮೂತ್ರದಲ್ಲಿ ಪ್ರೋಟೀನ್ ಹೋಗುವವರಿಗೆ ಈ ಮಾತ್ರೆಯನ್ನು ಬಿ.ಪಿ.ಗಷ್ಟೇ ಕೊಟ್ಟಿರುವುದಿಲ್ಲ. ಈ ಉತ್ತರ ಓದುತ್ತಿರುವ ಅಂಥವರು ಕೆಮ್ಮು ಇದ್ದರೂ ತಮ್ಮ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು.

ಅಕ್ಕ, ಕೆಮ್ಮು ಹೋದ ಮೇಲೆ ಒಂದು ಕೆಲಸ ಮಾಡಿ. ಆಸ್ಪತ್ರೆ ಫೈಲಿನ ಮೊದಲ ಹಾಳೆಯ ಮೇಲೆ "ಎನಲಾಪ್ರಿಲ್‌ಗೆ ಒಣ ಕೆಮ್ಮು ಬಂದಿತ್ತು" ಎಂದು ಮಗಳ ಕೈಲಿ ದೊಡ್ಡದಾಗಿ ಬರೆಸಿಡಿ. ಮುಂದೆ ಬೇರೆ ಊರಿನಲ್ಲಿ, ಬೇರೆ ಡಾಕ್ಟರು ಬಿ.ಪಿ. ಮಾತ್ರೆ ಬರೆಯುವ ಮೊದಲು ಅದನ್ನು ಓದಲಿ.

— ಸಂಪಾದಕ